ವಾರಕ್ಕೊಮ್ಮೆ ವಲಯಗಳ ರ‍್ಯಾಂಕ್: ಬದಲಾಯಿಸುವ ಮೂರು ವಿಧಾನಗಳಲ್ಲಿ ಯಾವುದನ್ನು ಹಿಡಿಯಬೇಕು?

ವಾರದ ಕೊನೆಯ ವಹಿವಾಟು ಮುಗಿದಿದೆ. ಷೇರು ಮಾರುಕಟ್ಟೆಯ ಹನ್ನೊಂದು ವಲಯಗಳ ಪಟ್ಟಿ ನಿಮ್ಮ ಮುಂದಿದೆ. ಯಾವುದು ಜಾಸ್ತಿ ಏರಿದೆಯೋ ಅದು ಮೇಲೆ, ಯಾವುದು ಹಿಂದೆ ಬಿದ್ದಿದೆಯೋ ಅದು ಕೆಳಗೆ. ಮೇಲಿನ ಮೂರನ್ನು ಸಮಪಾಲಿನಲ್ಲಿ ಇಟ್ಟುಕೊಂಡಿದ್ದೀರಿ. ಹೋದ ವಾರ ಮೂರನೇ ಜಾಗದಲ್ಲಿದ್ದ ವಲಯ ಈ ವಾರ ನಾಲ್ಕಕ್ಕೆ ಇಳಿದಿದೆ. ಎರಡರ ನಡುವಿನ ಅಂತರ ಬರೀ 0.2%. ಈಗ ಮಾರಬೇಕೋ, ಬೇಡವೋ?

ಈ ಪದ್ಧತಿಯಲ್ಲಿ ನಿಜವಾಗಿ ಆರಿಸಿಕೊಳ್ಳಬೇಕಾದದ್ದು ಈ ಪ್ರಶ್ನೆಗೆ ಉತ್ತರವನ್ನು. ಹೆಚ್ಚಿನವರು ಅಂಕ ಹಾಕುವ ಸೂತ್ರದ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ನಾನೂ ಎರಡು ವರ್ಷ ಅದನ್ನೇ ಮಾಡಿದೆ. ಸೂತ್ರ ಬದಲಾಯಿಸಿದಾಗ ಸಿಕ್ಕಿದ್ದು ಅಷ್ಟಕ್ಕಷ್ಟೆ. ಮಾರುವ ನಿಯಮ ಬದಲಾಯಿಸಿದಾಗ ಲೆಕ್ಕವೇ ಬೇರೆ ಆಯಿತು. ಅದಕ್ಕೇ ಇಲ್ಲಿ ಅಂಕದ ವಿಷಯ ಬೇಗ ಮುಗಿಸಿ, ಮಾರುವ ನಿಯಮದ ಹತ್ತಿರ ನಿಧಾನವಾಗಿ ಕೂರೋಣ.

ಅಂಕ ಹಾಕುವುದು ಹೇಗೆ

ಪ್ರತಿ ವಲಯಕ್ಕೂ ಒಂದು ಇಟಿಎಫ್ ಅಥವಾ ಸೂಚ್ಯಂಕ ಆರಿಸಿ. ವಾರದ ಕೊನೆಯ ಬೆಲೆ ಒಂದು ಹಾಳೆಯಲ್ಲಿ ಬರೆಯುತ್ತಾ ಹೋಗಿ. `Prices` ಎಂಬ ಹಾಳೆಯಲ್ಲಿ B ಇಂದ L ವರೆಗೆ ಹನ್ನೊಂದು ವಲಯ, 2ನೇ ಸಾಲಿನಿಂದ ವಾರಗಳು. 27 ವಾರದ ಬೆಲೆ ಸೇರಿದರೆ 28ನೇ ಸಾಲಿಗೆ ಬರುತ್ತೀರಿ. ಆಗ `Score` ಹಾಳೆಯ ಅದೇ ಸಾಲಿನಲ್ಲಿ 13 ವಾರದ ಏರಿಕೆ, 26 ವಾರದ ಏರಿಕೆ ಎರಡರ ಸರಾಸರಿ ಹೀಗೆ ಸಿಗುತ್ತದೆ:

```
=((Prices!B28/Prices!B15-1)+(Prices!B28/Prices!B2-1))/2
```

ಇದನ್ನು L ವರೆಗೆ ಎಳೆಯಿರಿ. ಮೂರನೇ ಹಾಳೆಯಲ್ಲಿ ರ‍್ಯಾಂಕ್:

```
=RANK(Score!B28,Score!$B28:$L28)
```

ಇಲ್ಲಿ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ರಿಲೇಟಿವ್ ಸ್ಟ್ರೆಂತ್ ಎಂದರೆ ವಲಯದ ಬೆಲೆಯನ್ನು ಇಡೀ ಮಾರುಕಟ್ಟೆಯ ಸೂಚ್ಯಂಕದಿಂದ ಭಾಗಿಸಿ ನೋಡಬೇಕು ಅಲ್ವಾ, ಇಲ್ಲಿ ಭಾಗಿಸಿಯೇ ಇಲ್ಲವಲ್ಲ ಎಂದು ಕೇಳುವವರಿದ್ದಾರೆ. ಒಂದು ವಲಯ 13 ವಾರದಲ್ಲಿ 240ರಿಂದ 264ಕ್ಕೆ ಏರಿತು ಎನ್ನಿ, ಅಂದರೆ 10%. ಮಾರುಕಟ್ಟೆ 1000ದಿಂದ 1040ಕ್ಕೆ, ಅಂದರೆ 4%. ಭಾಗಿಸಿ ನೋಡಿದರೆ ಆ ವಲಯ ಮಾರುಕಟ್ಟೆಗಿಂತ ಸುಮಾರು 5.8% ಮುಂದಿದೆ. ಆದರೆ ಆ 1040 ಎನ್ನುವ ಸಂಖ್ಯೆ ಹನ್ನೊಂದು ವಲಯಕ್ಕೂ ಒಂದೇ. ಎಲ್ಲವನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿದರೆ ಅಂಕ ಬದಲಾಗುತ್ತದೆ, ಸಾಲು ಬದಲಾಗುವುದಿಲ್ಲ. ಒಂದೇ ಅವಧಿಯ ಏರಿಕೆ ನೋಡುವಾಗ ಮೊದಲನೆಯದು ಮೊದಲನೆಯದೇ. ಹಾಗಾಗಿ ರ‍್ಯಾಂಕ್ ಮಾತ್ರ ಬೇಕಿದ್ದರೆ ಭಾಗಿಸುವ ಶ್ರಮ ಬೇಡ.

ಒಂದು ಎಚ್ಚರಿಕೆ ಮಾತ್ರ ಇರಲಿ. ಡಿವಿಡೆಂಡ್ ಸೇರಿಸಿ ಸರಿಪಡಿಸಿದ ಬೆಲೆ ಬಳಸಿ. ವಿದ್ಯುತ್, ನೀರಿನಂಥ ಸೇವೆಯ ವಲಯಗಳು ಡಿವಿಡೆಂಡ್ ಜಾಸ್ತಿ ಕೊಡುತ್ತವೆ. ಬರೀ ಬೆಲೆ ನೋಡಿದರೆ ಅವು ಪ್ರತಿ ಸಲ ಇರುವುದಕ್ಕಿಂತ ಕೆಳಗೆ ಕಾಣುತ್ತವೆ.

4 ವಾರವೋ, 13ವೋ, 26ವೋ

ನಾಲ್ಕು ವಾರದ ಏರಿಕೆ ನೋಡಿದರೆ ಹೊಸ ಓಟ ಬೇಗ ಕಣ್ಣಿಗೆ ಬೀಳುತ್ತದೆ. ಆದರೆ ಪಟ್ಟಿ ಪ್ರತಿ ವಾರ ಕಲಸಿ ಹೋಗುತ್ತದೆ. 26 ವಾರದ್ದು ನಿಧಾನ, ನೆಮ್ಮದಿ. ಆದರೆ ಓಟ ಮುಗಿದ ಎಷ್ಟೋ ವಾರದ ಮೇಲೂ ಅದೇ ವಲಯ ಮೇಲೆ ಕೂತಿರುತ್ತದೆ. 13 ವಾರ ನಡುವಿನದು.

ಮಾಸ್ಕೋವಿಟ್ಜ್ ಮತ್ತು ಗ್ರಿನ್‌ಬ್ಲಾಟ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1999ರಲ್ಲಿ ಅಮೆರಿಕದ 20 ಉದ್ಯಮ ಗುಂಪುಗಳ ಮೇಲೆ ಇದೇ ಪ್ರಶ್ನೆ ಕೇಳಿದ್ದರು. ಮುಂದಿದ್ದ ಉದ್ಯಮಗಳು ಮುಂದೆಯೇ ಉಳಿಯುವ ಗುಣ ಅವರಿಗೆ ಕಂಡಿತು. ಒಂದು ತಿಂಗಳ ಅವಧಿಯಲ್ಲಿ ಅದು ಎಲ್ಲಕ್ಕಿಂತ ಗಟ್ಟಿಯಾಗಿತ್ತು. ಬಿಡಿ ಷೇರುಗಳಲ್ಲಿ ಇದು ಉಲ್ಟಾ. ಹೋದ ತಿಂಗಳು ಜೋರಾಗಿ ಏರಿದ ಷೇರು ಮರು ತಿಂಗಳು ಸ್ವಲ್ಪ ಹಿಂದೆ ಸರಿಯುವುದೇ ಜಾಸ್ತಿ. ಹಾಗಾಗಿ ವಲಯಗಳಿಗೆ ನಾಲ್ಕು ವಾರದ ಅಂಕ ಹುರುಳಿಲ್ಲದ್ದು ಎಂದು ತಳ್ಳಿಹಾಕುವಂತಿಲ್ಲ. ಆದರೆ ಚಿಕ್ಕ ಪೋರ್ಟ್‌ಫೋಲಿಯೋ ಇಟ್ಟುಕೊಂಡವರು ಕೊಳ್ಳುವ ಮಾರುವ ಖರ್ಚನ್ನೂ ಕಟ್ಟಬೇಕು. ಆ ಖರ್ಚು ಸೇರಿಸಿದ ಕೂಡಲೇ ನಾಲ್ಕು ವಾರದ ಅಂಕದ ಸೊಗಸು ಬೇಗ ಕರಗುತ್ತದೆ.

ನಾನು 13 ಮತ್ತು 26ರ ಸರಾಸರಿಗೆ ಬಂದು ನಿಂತಿದ್ದು ಇನ್ನೊಂದು ಕಾರಣಕ್ಕೆ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಒಂದು ವಲಯದ ಬೆಲೆ ಹೋದ ವಾರ 202, ಈ ವಾರವೂ 202. ಏನೂ ಆಗಿಲ್ಲ. ಹೋದ ವಾರ ಲೆಕ್ಕ ಹಾಕುವಾಗ 13 ವಾರದ ಹಿಂದಿನ ಬೆಲೆ 200 ಇತ್ತು. ಹಾಗಾಗಿ ಅಂಕ 1%. ಅದರ ಮರುವಾರ, ಅಂದರೆ ಮೂರು ತಿಂಗಳ ಹಿಂದೆ, ಆ ವಲಯ 184ಕ್ಕೆ ಬಿದ್ದಿತ್ತು. ಈ ವಾರದ ಲೆಕ್ಕಕ್ಕೆ ಆ 184 ಅಡಿಗಲ್ಲು. ಅಂಕ ಒಮ್ಮೆಗೇ 9.8%. ಎಂಟನೇ ಜಾಗದಲ್ಲಿದ್ದದ್ದು ಎರಡಕ್ಕೆ ಹಾರಿರುತ್ತದೆ. ನೀವು ಅದನ್ನು ಕೊಳ್ಳುವುದು ಈ ವಾರದ ಬಲ ನೋಡಿ ಅಲ್ಲ, ಮೂರು ತಿಂಗಳ ಹಿಂದಿನ ಒಂದು ಕೆಟ್ಟ ವಾರದ ನೆರಳು ನೋಡಿ. ಎರಡು ಅವಧಿಯ ಸರಾಸರಿ ತೆಗೆದರೆ ಇಂಥ ಹಾರಾಟದ ಪೆಟ್ಟು ಅರ್ಧವಾಗುತ್ತದೆ.

ಯಾವುದಾದರೂ ವಲಯ ಒಂದೇ ವಾರದಲ್ಲಿ ನಾಲ್ಕೈದು ಜಾಗ ಹಾರಿದರೆ ಮೊದಲು ಈ ವಾರದ ಬೆಲೆ ನೋಡಿ. ಬೆಲೆ ಕದಲಿಲ್ಲ ಎಂದಾದರೆ 13 ಮತ್ತು 26 ವಾರದ ಹಿಂದಿನ ಸಾಲುಗಳಿಗೆ ಹೋಗಿ. ಕಾರಣ ಅಲ್ಲೇ ಸಿಗುತ್ತದೆ.

ಬದಲಾಯಿಸುವ ಮೂರು ವಿಧಾನ

ಮೊದಲನೆಯದು ಕಟ್ಟುನಿಟ್ಟಿನದು. ಪ್ರತಿ ವಾರ ಮೊದಲ ಮೂರು ಯಾವುವೋ ಅವೇ ಕೈಯಲ್ಲಿರಬೇಕು. ನಾಲ್ಕಕ್ಕೆ ಇಳಿದದ್ದು ಹೊರಗೆ.

ಎರಡನೆಯದರಲ್ಲಿ ಒಳಗೆ ಬರುವ ಗೆರೆ ಬೇರೆ, ಹೊರಗೆ ಹೋಗುವ ಗೆರೆ ಬೇರೆ. ಕೊಳ್ಳಬೇಕಾದರೆ ಮೊದಲ ಮೂರರಲ್ಲಿ ಇರಬೇಕು. ಕೊಂಡ ಮೇಲೆ ಐದನೇ ಜಾಗದವರೆಗೂ ಇಟ್ಟುಕೊಳ್ಳುತ್ತೀರಿ. ಆರಕ್ಕೆ ಇಳಿದರೆ ಮಾತ್ರ ಮಾರುತ್ತೀರಿ. ಇದನ್ನು ಸಡಿಲ ಗೆರೆ ಎನ್ನೋಣ.

ಮೂರನೆಯದು ತಿಂಗಳ ಲೆಕ್ಕ. ರ‍್ಯಾಂಕ್ ಪ್ರತಿ ವಾರ ಬರೆಯುತ್ತೀರಿ, ವಹಿವಾಟು ಮಾತ್ರ ನಾಲ್ಕು ವಾರಕ್ಕೊಮ್ಮೆ.

ಆರು ವಾರದ ಒಂದು ಉದಾಹರಣೆ ತೆಗೆದುಕೊಳ್ಳೋಣ. ಸಂಖ್ಯೆಗಳು ಲೆಕ್ಕ ತೋರಿಸಲು ನಾನೇ ಹಾಕಿದವು. ಇಂಧನ ಮತ್ತು ತಂತ್ರಜ್ಞಾನ ಮೊದಲ ಎರಡು ಜಾಗದಲ್ಲಿ ಗಟ್ಟಿಯಾಗಿ ಕೂತಿವೆ. ಮೂರನೇ ಜಾಗಕ್ಕೆ ಕೈಗಾರಿಕೆ ಮತ್ತು ಆರೋಗ್ಯ ವಲಯಗಳ ನಡುವೆ ಪೈಪೋಟಿ.

| ವಾರ | ಕೈಗಾರಿಕೆ (ಅಂಕ, ರ‍್ಯಾಂಕ್) | ಆರೋಗ್ಯ (ಅಂಕ, ರ‍್ಯಾಂಕ್) | ಕಟ್ಟುನಿಟ್ಟು | ಸಡಿಲ ಗೆರೆ |
|---|---|---|---|---|
| 1 | 8.1%, 3 | 7.9%, 4 | ಕೈಗಾರಿಕೆ ಕೊಂಡಿತು | ಕೈಗಾರಿಕೆ ಕೊಂಡಿತು |
| 2 | 7.6%, 4 | 7.8%, 3 | ಆರೋಗ್ಯಕ್ಕೆ ಬದಲಿ | ಹಾಗೇ |
| 3 | 8.3%, 3 | 8.0%, 4 | ಮತ್ತೆ ಕೈಗಾರಿಕೆ | ಹಾಗೇ |
| 4 | 6.9%, 5 | 7.7%, 3 | ಮತ್ತೆ ಆರೋಗ್ಯ | ಹಾಗೇ |
| 5 | 7.2%, 4 | 7.5%, 3 | ಹಾಗೇ | ಹಾಗೇ |
| 6 | 8.4%, 3 | 6.8%, 5 | ಮತ್ತೆ ಕೈಗಾರಿಕೆ | ಹಾಗೇ |

ಆರನೇ ವಾರ ಎರಡರ ಕೈಯಲ್ಲೂ ಇರುವುದು ಒಂದೇ ಮೂರು ವಲಯ. ಸಡಿಲ ಗೆರೆ ಒಂದು ಸಲವೂ ಕದಲಲಿಲ್ಲ. ಕಟ್ಟುನಿಟ್ಟಿನದು ನಾಲ್ಕು ಸಲ ಮಾರಿ ನಾಲ್ಕು ಸಲ ಕೊಂಡಿತು.

ನಷ್ಟ ಎರಡು ಕಡೆಯಿಂದ ಆಗಿದೆ. ಬ್ರೋಕರೇಜ್, ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಇರುವ ಅಂತರ ಎಲ್ಲ ಸೇರಿ ಒಂದು ಕಡೆಗೆ 0.15% ಎನ್ನಿ. ಮಾರಿ ಇನ್ನೊಂದು ಕೊಂಡರೆ 0.30%. ಅದು ಪೋರ್ಟ್‌ಫೋಲಿಯೋದ ಮೂರನೇ ಒಂದು ಭಾಗದ ಮೇಲೆ, ಹಾಗಾಗಿ ಒಟ್ಟು ಹಣದ 0.10%. ನಾಲ್ಕು ಸಲಕ್ಕೆ 0.40%. ಇದು ಒಂದು ನಷ್ಟ. ಇನ್ನೊಂದು ಸುಲಭಕ್ಕೆ ಕಾಣುವುದಿಲ್ಲ. ಎರಡನೇ ವಾರ ನೀವು ಮಾರಿದ್ದು ಆಗಷ್ಟೇ ಹಿಂದೆ ಬಿದ್ದ ವಲಯವನ್ನು, ಕೊಂಡಿದ್ದು ಆಗಷ್ಟೇ ಮುಂದೆ ಬಂದದ್ದನ್ನು. ಮರುವಾರ ಅದೇ ಕೆಲಸ ಉಲ್ಟಾ ಮಾಡಿದಿರಿ. ಪ್ರತಿ ಸಲವೂ ಆ ಚೂರು ಅಂತರ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಇದು ಬ್ರೋಕರ್ ಕಳಿಸುವ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ವಾರಕ್ಕೆ ಒಂದು ಬದಲಿ ಎಂದು ಹಿಡಿದರೆ ವರ್ಷಕ್ಕೆ 52 ಬದಲಿ, ಬರೀ ಖರ್ಚೇ 5.2%. ಐದು ವಾರಕ್ಕೊಂದು ಬದಲಿಯಾದರೆ ಸುಮಾರು 1%. ಯಾವ ಅಂಕದ ಸೂತ್ರವೂ ವರ್ಷ ವರ್ಷವೂ ನಾಲ್ಕು ಪರ್ಸೆಂಟ್ ತಂದುಕೊಡುತ್ತೇನೆ ಎಂದು ಮಾತು ಕೊಡಲಾರದು. ಖರ್ಚು ಉಳಿಸುವುದು ಮಾತ್ರ ನಮ್ಮ ಕೈಯಲ್ಲೇ ಇದೆ.

ಪೋರ್ಟ್‌ಫೋಲಿಯೋ ತೀರಾ ಚಿಕ್ಕದಾದರೆ ಇದು ಇನ್ನೂ ಬಿಗಿಯಾಗುತ್ತದೆ. ಆರ್ಡರ್‌ಗೆ ಇಷ್ಟು ಎಂದು ಒಂದೇ ಶುಲ್ಕ ಇದ್ದರೆ ಹೀಗೆ ಲೆಕ್ಕ ಹಾಕಿ. ಒಟ್ಟು ಹಣ 10,000, ಒಂದು ಆರ್ಡರ್‌ಗೆ 10. ಮಾರಿ ಕೊಳ್ಳುವುದಕ್ಕೆ 20, ಅಂದರೆ ಒಟ್ಟು ಹಣದ 0.2%. ವಾರಕ್ಕೊಂದು ಬದಲಿ ಮಾಡಿದರೆ ವರ್ಷಕ್ಕೆ 10% ಶುಲ್ಕಕ್ಕೇ ಹೋಯಿತು. ಇಂಥ ಕಡೆ ಕಟ್ಟುನಿಟ್ಟಿನ ವಿಧಾನದ ಮಾತೇ ಬೇಡ. ಇದರ ಮೇಲೆ, ಬೇಗ ಮಾರಿದ ಲಾಭಕ್ಕೆ ಜಾಸ್ತಿ ತೆರಿಗೆ ಹಾಕುವ ಕಡೆ ನೀವಿದ್ದರೆ ಅದನ್ನೂ ಸೇರಿಸಿಕೊಳ್ಳಿ.

ಕಟ್ಟುನಿಟ್ಟು ಗೆಲ್ಲುವುದು ಯಾವಾಗ

ಹಾಗೆಂದು ಸಡಿಲ ಗೆರೆ ಪುಕ್ಕಟೆ ಅಲ್ಲ. ಅದರ ಬೆಲೆ ತಡ. ಒಂದು ವಲಯ ನಿಜವಾಗಿ ಕುಸಿಯಲು ಶುರುವಾಯಿತು ಎನ್ನಿ. ಮೂರರಿಂದ ಐದಕ್ಕೆ, ಮರುವಾರ ಐದರಿಂದ ಎಂಟಕ್ಕೆ. ಕಟ್ಟುನಿಟ್ಟಿನವರು ಐದಕ್ಕೆ ಇಳಿದಾಗಲೇ ಹೊರಗೆ ಬಂದರು. ನೀವು ಎಂಟಕ್ಕೆ ಇಳಿದ ಮೇಲೆ ಬಂದಿರಿ. ಆ ನಡುವಿನ ವಾರದಲ್ಲಿ ಅದು 4% ಬಿದ್ದಿದ್ದರೆ ಒಟ್ಟು ಹಣಕ್ಕೆ 1.3% ಪೆಟ್ಟು. ಅಂದರೆ ಹದಿಮೂರು ಬದಲಿಯ ಖರ್ಚು ಒಂದೇ ವಾರದಲ್ಲಿ.

ಇದು ಸಣ್ಣ ಮಾತಲ್ಲ. ಆದರೂ ನಾನು ಸಡಿಲ ಗೆರೆಯ ಪಕ್ಷ. ಮೂರರಿಂದ ನಾಲ್ಕಕ್ಕೆ ಇಳಿದ ವಲಯಗಳಲ್ಲಿ ಎಷ್ಟು ನಿಜವಾಗಿ ಕುಸಿದವು, ಎಷ್ಟು ವಾಪಸ್ ಬಂದವು ಎಂದು ಎಂಟು ತಿಂಗಳು ಪುಸ್ತಕದಲ್ಲಿ ಬರೆದಿಟ್ಟೆ. ವಾಪಸ್ ಬಂದವೇ ಜಾಸ್ತಿ. ಇನ್ನೊಂದು ವಿಷಯವೂ ಕಂಡಿತು. ಜೋರು ಕುಸಿತ ಬಂದಾಗ ವಲಯ ಒಂದೇ ವಾರದಲ್ಲಿ ಎರಡರಿಂದ ಏಳಕ್ಕೆ ಬಿದ್ದಿರುತ್ತದೆ. ಆಗ ಎರಡೂ ವಿಧಾನ ಒಂದೇ ದಿನ, ಒಂದೇ ಬೆಲೆಗೆ ಮಾರುತ್ತವೆ. ಕಟ್ಟುನಿಟ್ಟಿಗೆ ಲಾಭ ಸಿಗುವುದು ಮೆಲ್ಲಗೆ ಶುರುವಾಗಿ ಆಮೇಲೆ ಜೋರಾಗುವ ಕುಸಿತದಲ್ಲಿ ಮಾತ್ರ.

ನಿಮ್ಮ ವಲಯಗಳಲ್ಲಿ ಇದು ಹೇಗಿದೆ ಎಂದು ನೀವೇ ಎಣಿಸಬಹುದು. ನಾಲ್ಕಕ್ಕೆ ಇಳಿದ ಪ್ರತಿ ಸಲಕ್ಕೂ ಒಂದು ಸಾಲು ಬರೆಯಿರಿ, ನಾಲ್ಕು ವಾರದ ಮೇಲೆ ಅದು ಎಲ್ಲಿತ್ತು ಎಂದು ಪಕ್ಕದಲ್ಲಿ ಹಾಕಿ. ಮೂವತ್ತು ಸಾಲಾದರೂ ಆಗುವವರೆಗೆ ತೀರ್ಮಾನಕ್ಕೆ ಬರಬೇಡಿ.

ಗೆರೆಯನ್ನು ಎಷ್ಟು ಸಡಿಲ ಬಿಡಬೇಕು ಎನ್ನುವುದಕ್ಕೂ ಮಿತಿ ಇದೆ. ಹನ್ನೊಂದರಲ್ಲಿ ಮೂರು ಇಟ್ಟುಕೊಂಡವರಿಗೆ ಐದು ಅಥವಾ ಆರು ಸರಿ. ಎಂಟರವರೆಗೆ ಬಿಟ್ಟರೆ ಪಟ್ಟಿಯ ಕೆಳ ಅರ್ಧದಲ್ಲಿರುವ ವಲಯವನ್ನು ಹಿಡಿದುಕೊಂಡು ಕೂತಿರುತ್ತೀರಿ. ಆಗ ರ‍್ಯಾಂಕ್ ಹಾಕಿಯೂ ಪ್ರಯೋಜನವಿಲ್ಲ.

ತಿಂಗಳ ಲೆಕ್ಕದ ಬಗ್ಗೆ ಎರಡು ಮಾತು. ಖರ್ಚು ಕಡಿಮೆ, ತಲೆನೋವೂ ಕಡಿಮೆ. ತೊಂದರೆ ಏನೆಂದರೆ ಯಾವ ವಾರ ವಹಿವಾಟು ಮಾಡುತ್ತೀರಿ ಎನ್ನುವುದರ ಮೇಲೆ ಫಲ ಬದಲಾಗುತ್ತದೆ. ಮೊದಲ ವಾರ ಮಾಡುವವರಿಗೂ ಮೂರನೇ ವಾರ ಮಾಡುವವರಿಗೂ ನಿಯಮ ಒಂದೇ, ವರ್ಷದ ಕೊನೆಗೆ ಸಿಗುವುದು ಬೇರೆ ಬೇರೆ. ಅದು ಬರೀ ಅದೃಷ್ಟ. ಹಣವನ್ನು ನಾಲ್ಕು ಪಾಲು ಮಾಡಿ ವಾರಕ್ಕೊಂದು ಪಾಲನ್ನು ನೋಡಿಕೊಂಡರೆ ಈ ಅದೃಷ್ಟದ ಆಟ ತಗ್ಗುತ್ತದೆ. ಆದರೆ ಮೂರು ಹಿಡುವಳಿ ಹನ್ನೆರಡಾಗುತ್ತದೆ. ಚಿಕ್ಕ ಪೋರ್ಟ್‌ಫೋಲಿಯೋಗೆ ಅದು ಹೊರೆ.

ಮೊದಲನೇ ಜಾಗದಲ್ಲಿದ್ದೂ ಸೋಲುವುದು

ಮೂರು ವಿಧಾನದಲ್ಲಿ ಯಾವುದೇ ಹಿಡಿದರೂ ಒಂದು ನಿಯಮ ಜೊತೆಗೆ ಬೇಕು. ರ‍್ಯಾಂಕ್ ಹೇಳುವುದು ಯಾರಿಗಿಂತ ಯಾರು ಮೇಲು ಎಂದು ಮಾತ್ರ. 2008ರಲ್ಲಿ ಎಸ್ ಆ್ಯಂಡ್ ಪಿ 500 ಸೂಚ್ಯಂಕದ ಎಲ್ಲ ವಲಯಗಳೂ ವರ್ಷದ ಲೆಕ್ಕದಲ್ಲಿ ಕೆಳಗಿದ್ದವು. ಹಣಕಾಸು ವಲಯ ಅರ್ಧಕ್ಕಿಂತ ಜಾಸ್ತಿ ಕಳೆದುಕೊಂಡಿತು. ಎಲ್ಲಕ್ಕಿಂತ ಕಡಿಮೆ ಬಿದ್ದದ್ದು ದಿನಬಳಕೆ ಸರಕಿನ ವಲಯ. ಅದೂ ಸುಮಾರು 15% ಬಿತ್ತು. ಪಟ್ಟಿಯಲ್ಲಿ ಅದು ಮೇಲೆಯೇ ಇತ್ತು, ದುಡ್ಡು ಮಾತ್ರ ಕರಗುತ್ತಿತ್ತು.

ಇದಕ್ಕೆ ಪರಿಹಾರ ಸರಳ. ಮೊದಲ ಮೂರರಲ್ಲಿದ್ದರೂ ವಲಯದ ಅಂಕ ಸೊನ್ನೆಗಿಂತ ಕೆಳಗಿದ್ದರೆ ಆ ಪಾಲನ್ನು ನಗದಾಗಿ ಅಥವಾ ಅಲ್ಪಾವಧಿ ಸಾಲಪತ್ರದ ಫಂಡ್‌ನಲ್ಲಿ ಇಡಿ. ಮೂರೂ ಕೆಳಗಿದ್ದರೆ ಪೂರ್ತಿ ನಗದು.

ಎಲ್ಲ ಕೆಟ್ಟ ವರ್ಷವೂ 2008ರ ಹಾಗಿರುವುದಿಲ್ಲ. 2022ರಲ್ಲಿ ಅದೇ ಸೂಚ್ಯಂಕ ಡಿವಿಡೆಂಡ್ ಸೇರಿಸಿಯೂ 18% ಬಿತ್ತು, ಇಂಧನ ವಲಯ 60%ಗಿಂತ ಜಾಸ್ತಿ ಏರಿತು. ವಲಯಗಳ ನಡುವೆ ಇಷ್ಟು ದೊಡ್ಡ ಬಿರುಕು ಇರುವ ವರ್ಷಗಳಲ್ಲಿ ಈ ಪದ್ಧತಿ ದುಡಿಯುತ್ತದೆ. ಎಲ್ಲ ವಲಯಗಳೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವಾಗ ಮೂರಕ್ಕೂ ನಾಲ್ಕಕ್ಕೂ ಅರ್ಥವಿರುವುದಿಲ್ಲ. ಅದನ್ನು ಗುರುತಿಸುವುದು ಸುಲಭ. ಮೊದಲನೆಯ ಅಂಕದಿಂದ ಕೊನೆಯ ಅಂಕ ಕಳೆಯಿರಿ. ಈ ಅಂತರ ವಾರದಿಂದ ವಾರಕ್ಕೆ ಕುಗ್ಗುತ್ತಿದ್ದರೆ ಬದಲಿಗಳನ್ನು ಆದಷ್ಟು ಕಡಿಮೆ ಮಾಡಿ.

ಮಾರುಕಟ್ಟೆ ತಳ ಮುಟ್ಟಿ ತಿರುಗುವಾಗ ಈ ಪದ್ಧತಿ ತಪ್ಪೇ ಮಾಡುತ್ತದೆ. 2009ರ ಮಾರ್ಚ್‌ನಲ್ಲಿ ಅಮೆರಿಕದ ಮಾರುಕಟ್ಟೆ ತಿರುಗಿದಾಗ ಪಟ್ಟಿಯ ತಳದಲ್ಲಿದ್ದ ಹಣಕಾಸು ವಲಯವೇ ಎಲ್ಲಕ್ಕಿಂತ ಜೋರಾಗಿ ಎದ್ದಿತು. ಕೆಲವೇ ತಿಂಗಳಲ್ಲಿ ಎರಡು ಪಟ್ಟಾಯಿತು. 13 ವಾರದ ಅಂಕಕ್ಕೆ ಇದು ಗೊತ್ತಾಗುವಷ್ಟರಲ್ಲಿ ಏರಿಕೆಯ ದೊಡ್ಡ ಭಾಗ ಮುಗಿದಿತ್ತು. ಮೂರು ವಿಧಾನದಲ್ಲಿ ಯಾವುದಕ್ಕೂ ಇದಕ್ಕೆ ಮದ್ದಿಲ್ಲ.

ಹಳೆಯ ಬೆಲೆಗಳ ಮೇಲೆ ಪರೀಕ್ಷೆ ಮಾಡುವವರಿಗೆ ಇನ್ನೊಂದು ಮಾತು. ವಲಯದ ಹೆಸರು ಒಂದೇ ಇದ್ದರೂ ಒಳಗಿನ ಸರಕು ಬದಲಾಗಿರುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ಆಲ್ಫಾಬೆಟ್, ಫೇಸ್‌ಬುಕ್ ಕಂಪನಿಗಳನ್ನು ತಂತ್ರಜ್ಞಾನದಿಂದ ತೆಗೆದು ಸಂವಹನ ಸೇವೆಗಳ ವಲಯಕ್ಕೆ ಹಾಕಿದರು. ಅದಕ್ಕೂ ಹಿಂದಿನ ತಂತ್ರಜ್ಞಾನ ಬೇರೆ, ಈಗಿನದು ಬೇರೆ. ಇವೆರಡು ವಲಯಗಳು ಒಟ್ಟಿಗೆ ಮೊದಲ ಮೂರರಲ್ಲಿ ಬಂದಾಗಲೂ ಗಮನವಿರಲಿ. ಒಟ್ಟೊಟ್ಟಿಗೆ ಏರಿಳಿಯುವ ದೊಡ್ಡ ಕಂಪನಿಗಳು ಎರಡರಲ್ಲೂ ತುಂಬಿರುವುದರಿಂದ ಮೂರು ವಲಯ ಇದೆ ಎಂದುಕೊಂಡಿದ್ದು ನಿಜಕ್ಕೂ ಎರಡರಷ್ಟೇ ಆಗಿರಬಹುದು.

ಯಾರಿಗೆ ಯಾವುದು

ಆರ್ಡರ್‌ಗೆ ಶುಲ್ಕವೇ ಇಲ್ಲ, ವಹಿವಾಟು ಜೋರಾಗಿರುವ ಇಟಿಎಫ್‌ಗಳು ಸಿಗುತ್ತವೆ, ಮಾರಿದ ಲಾಭಕ್ಕೆ ತೆರಿಗೆ ಬೀಳದ ಖಾತೆ ಇದೆ ಎನ್ನುವವರು ಕಟ್ಟುನಿಟ್ಟಿನ ವಿಧಾನ ನೋಡಬಹುದು. ಆಗಲೂ ಮೂರಕ್ಕೂ ನಾಲ್ಕಕ್ಕೂ ಅಂತರ ಕನಿಷ್ಠ 1% ಇದ್ದರೆ ಮಾತ್ರ ಬದಲಾಯಿಸಿ. ಮೇಲಿನ ಪಟ್ಟಿಗೆ ಈ ಒಂದು ಷರತ್ತು ಹಾಕಿ ನೋಡಿ. ನಾಲ್ಕು ಬದಲಿಯೂ ಮಾಯವಾಗುತ್ತವೆ.

ವಾರ ವಾರ ಕೂರಲು ಪುರುಸೊತ್ತಿಲ್ಲದವರಿಗೆ, ಇಲ್ಲವೇ ಆರ್ಡರ್ ಶುಲ್ಕ ಭಾರವಾಗುವವರಿಗೆ ತಿಂಗಳ ಲೆಕ್ಕ. ವಾರ ಒಂದನ್ನು ಗೊತ್ತು ಮಾಡಿಕೊಂಡು ಅದನ್ನು ಬದಲಾಯಿಸಬೇಡಿ. ಈ ತಿಂಗಳು ಒಂದು ವಾರ ಮೊದಲೇ ಮಾರಿಬಿಡೋಣ ಅನಿಸುವುದು ಮಾರುಕಟ್ಟೆ ಬಿದ್ದ ವಾರವೇ. ಹಾಗೆ ಮಾಡಿದರೆ ನಿಯಮ ಹೋಗಿ ಅಳುಕು ಮಾತ್ರ ಉಳಿಯುತ್ತದೆ.

ಉಳಿದವರಿಗೆ, ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ, ನನ್ನ ಮತ ಸಡಿಲ ಗೆರೆಗೆ. ಮೂರರಲ್ಲಿ ಕೊಳ್ಳಿ, ಆರಕ್ಕೆ ಇಳಿದರೆ ಮಾರಿ, ಅಂಕ ಸೊನ್ನೆಗಿಂತ ಕೆಳಗಾದರೆ ನಗದು. ವಾರದ ಕೊನೆಯ ಬೆಲೆಯಿಂದ ರ‍್ಯಾಂಕ್ ಹಾಕಿ, ಮುಂದಿನ ವಾರದ ಮೊದಲ ದಿನ ವಹಿವಾಟು ಮಾಡಿ. ಪುಸ್ತಕದಲ್ಲಿ ಬರೆಯಬೇಕಾದದ್ದು ರ‍್ಯಾಂಕ್ ಹಾಕಿದ ಬೆಲೆ ಅಲ್ಲ, ನಿಮಗೆ ನಿಜವಾಗಿ ಸಿಕ್ಕ ಬೆಲೆ. ಎರಡನ್ನೂ ಪಕ್ಕಪಕ್ಕ ಬರೆದಿಟ್ಟರೆ ಇನ್ನೂ ಒಳ್ಳೆಯದು. ನಾನು ಮೇಲೆ ಹಿಡಿದ 0.15% ನಿಮ್ಮ ಪಾಲಿಗೆ ನಿಜವಾಗಿ ಎಷ್ಟು ಎಂದು ಹತ್ತು ಆರ್ಡರ್ ಆಗುವಷ್ಟರಲ್ಲಿ ತಿಳಿಯುತ್ತದೆ. ಅದು 0.4% ಎಂದು ಬಂದರೆ ಹೊರಗೆ ಹೋಗುವ ಗೆರೆಯನ್ನು ಇನ್ನೊಂದು ಮೆಟ್ಟಿಲು ಕೆಳಗಿಡಿ.